ಗ್ಯಾಟ್ಲಿಂಗ್ ಬಂದೂಕಿನ ಅನಿಮೇಷನ್: ಬೋಲ್ಟ್ ಎಷ್ಟಿರಬೇಕು?

"ಆರು ನಳಿಕೆಗಳ ಹಿಂದೆ ತೋಟಾ ಒಳಗೆ ತಳ್ಳುವ ಬೋಲ್ಟ್ ಒಂದನ್ನೇ ಬರೆದಿದ್ದೇನೆ. ಹಿಡಿಕೆ ವೇಗವಾಗಿ ತಿರುಗಿಸಿದರೆ ತೋಟಾ ತುಂಬಲು ಸಮಯವೇ ಇಲ್ಲ. ಎಲ್ಲಿ ತಪ್ಪಿದೆ?"

ಬಹುಶಃ ಆ ಒಂಟಿ ಬೋಲ್ಟೇ ಕಾರಣ. ಪ್ರತಿ ನಳಿಕೆಗೂ ಪ್ರತ್ಯೇಕ ಬೋಲ್ಟ್ ಕೊಟ್ಟು, ಎಲ್ಲವನ್ನೂ ನಳಿಕೆಗಳೊಂದಿಗೇ ತಿರುಗಿಸಿ. ಹೊರಕವಚದ ಒಳಗಿನ ಓರೆ ಅಂಚು ಮಾತ್ರ ಅಲುಗಾಡಬಾರದು. ಬೋಲ್ಟುಗಳನ್ನು ಹಿಂದೆ ಮುಂದೆ ಸರಿಸುವುದು ಅದೇ.

ಮೊದಲು, ಮೇಲಿನ ಪೆಟ್ಟಿಗೆಯಿಂದ ತೋಟಾ ತನ್ನ ಭಾರಕ್ಕೇ ಕೆಳಗಿನ ತೋಡಿಗೆ ಬೀಳಲಿ. ನಳಿಕೆ ಕೆಳಗಿಳಿಯುವಾಗ ಬೋಲ್ಟ್ ತೋಟಾವನ್ನು ಅದರೊಳಗೆ ತಳ್ಳಲಿ, ತಳದ ಬಳಿ ಗುಂಡು ಹಾರಲಿ, ಮೇಲೇರುವಾಗ ಖಾಲಿ ಕೋಶ ಹೊರಬೀಳಲಿ. ಹೀಗೆ ಒಂದು ನಳಿಕೆ ಸಿಡಿಯುವಾಗ ಮತ್ತೊಂದು ತುಂಬಿಕೊಳ್ಳುತ್ತಿರುತ್ತದೆ. ಸಿಡಿಯುವ ನಿಖರ ಕೋನ ನೀವು ಆರಿಸಿದ ಮಾದರಿಗೆ ತಕ್ಕಂತೆ ಬದಲಾಗಬಹುದು.

ಬಿಸಿಯನ್ನೂ ತೋರಿಸುವುದಾದರೆ, ನಿಮಿಷಕ್ಕೆ 200 ಗುಂಡು ಎಂದುಕೊಳ್ಳಿ: ಪ್ರತಿ ನಳಿಕೆಗೆ ಸುಮಾರು 33. ಒಂದೇ ನಳಿಕೆಯ ಎರಡು ಹೊಡೆತಗಳ ನಡುವೆ ಅದು ಸುಮಾರು 1.8 ಸೆಕೆಂಡು ಗಾಳಿಗೆ ತಣಿಯುತ್ತದೆ. ಬಿಸಿ ಇಲ್ಲವಾಗುವುದಿಲ್ಲ, ಆರು ಪಾಲಾಗುತ್ತದೆ ಅಷ್ಟೇ. ಆರಕ್ಕೂ ಬಣ್ಣವನ್ನು ನಿಧಾನವಾಗಿ ಏರಿಸಿ.