ಕಾನ್ಫಿಡೆನ್ಸ್ ಇಂಟರ್ವಲ್‌ನ 95% ಯಾವುದರ ಬಗ್ಗೆ ಹೇಳುತ್ತದೆ?

ಪ್ರಶ್ನೆ: ನೂರು ಅಕ್ಕಿ ಪೊಟ್ಟಣ ತೂಗಿದೆ. ಇಡೀ ದಾಸ್ತಾನಿನ ಸರಾಸರಿ ತೂಕವನ್ನು ಅಂದಾಜಿಸುವ ವ್ಯಾಪ್ತಿ, ಅಂದರೆ 95% ಕಾನ್ಫಿಡೆನ್ಸ್ ಇಂಟರ್ವಲ್, 496ರಿಂದ 500 ಗ್ರಾಂ ಬಂತು. ನಿಜವಾದ ಸರಾಸರಿ ಇದರೊಳಗಿರುವ ಸಂಭವನೀಯತೆ 95% ಎನ್ನಬಹುದೇ?

ಉತ್ತರ: ಇಲ್ಲ. 95% ಎಂಬುದು ಈ ಎರಡು ಸಂಖ್ಯೆಗಳ ಗುಣವಲ್ಲ, ಅವನ್ನು ಪಡೆದ ವಿಧಾನದ ಗುಣ.

ಇಡೀ ದಾಸ್ತಾನಿನ ಸರಾಸರಿ ತೂಕ ನಮಗೆ ತಿಳಿಯದಿದ್ದರೂ ಅದು ಒಂದೇ ಸ್ಥಿರ ಸಂಖ್ಯೆ. ಬದಲಾಗುವುದು ಕೈಗೆ ಸಿಕ್ಕ ಪೊಟ್ಟಣಗಳು. ನಿಮ್ಮ ನೂರರ ಸರಾಸರಿ 498 ಗ್ರಾಂ, ಪ್ರಮಾಣಿತ ವಿಚಲನೆ (ತೂಕಗಳ ಚದುರುವಿಕೆಯ ಅಳತೆ) 10 ಗ್ರಾಂ ಎಂದುಕೊಳ್ಳಿ. 10ನ್ನು 100ರ ವರ್ಗಮೂಲದಿಂದ ಭಾಗಿಸಿದರೆ 1. ಅದರ ಸುಮಾರು ಎರಡು ಪಟ್ಟನ್ನು 498ರಿಂದ ಕಳೆದು, 498ಕ್ಕೆ ಕೂಡಿದರೆ ನಿಮ್ಮ ಉತ್ತರ. ಬೇರೆ ನೂರು ಪೊಟ್ಟಣ ಆರಿಸಿದ್ದರೆ 499ರಿಂದ 503 ಬರಬಹುದಿತ್ತು. ಹೀಗೆ ಯಾದೃಚ್ಛಿಕವಾಗಿ ಆರಿಸಿ ಮತ್ತೆ ಮತ್ತೆ ಲೆಕ್ಕ ಹಾಕಿದರೆ, ಸಿಗುವ ವ್ಯಾಪ್ತಿಗಳಲ್ಲಿ ಸುಮಾರು 95% ನಿಜವಾದ ಸರಾಸರಿಯನ್ನು ಒಳಗೊಂಡಿರುತ್ತವೆ.

ಹಾಗಾಗಿ ತೂಗುವ ಮೊದಲು 95% ಸಂಭವನೀಯತೆ ಎನ್ನುವುದು ಸರಿಯೇ. ತೂಗಿದ ಮೇಲೆ ಯಾದೃಚ್ಛಿಕವಾದದ್ದು ಏನೂ ಉಳಿಯುವುದಿಲ್ಲ: ನಿಜವಾದ ಸರಾಸರಿ 499 ಆಗಿದ್ದರೆ ಅದು ಒಳಗಿದೆ, 501 ಆಗಿದ್ದರೆ ಹೊರಗಿದೆ. ನೀವು ಬಯಸುವಂಥ ಹೇಳಿಕೆಗೆ ಬೇಯ್ಸ್ ವಿಧಾನ ಬೇಕು. ಅದರಲ್ಲಿ ತೂಗುವ ಮೊದಲೇ ಸರಾಸರಿಯ ಬಗ್ಗೆ ಒಂದು ಅಂದಾಜನ್ನು ಕೊಡಬೇಕಾಗುತ್ತದೆ.