ನನಗೆ β = 0.95 ಬರ್ತಿದೆ, ಪುಸ್ತಕದಲ್ಲಿ 0.36 ಇದೆ. ಪುಸ್ತಕ ತಪ್ಪಾ?

ಪ್ರಶ್ನೆ: ಫೋಟೋದಲ್ಲಿರುವ 7ನೇ ಲೆಕ್ಕ ನೋಡಿ ಸರ್. 50 ಕೆಜಿ ಸಕ್ಕರೆ ಚೀಲ, σ = 0.8 ಕೆಜಿ, n = 16, α = 0.05, H1: μ < 50. ಸ್ಯಾಂಪಲ್ ಸರಾಸರಿ 49.72. ನಿಜವಾದ μ 49.6 ಆಗಿದ್ದರೆ ಟೈಪ್ ಟು ಎರರ್ ಎಷ್ಟು, ಪವರ್ ಎಷ್ಟು ಅಂತ ಕೇಳಿದ್ದಾರೆ. ನನಗೆ β = 0.95 ಬರ್ತಿದೆ. ಹಿಂದಿನ ಪುಟದ ಉತ್ತರ 0.36. ಒನ್ ಟೇಲ್ಡ್ ಟೆಸ್ಟಿಗೆ β ಫಾರ್ಮುಲಾ ಯಾವುದು? ಪವರ್ 0.90 ಬರಬೇಕಂದ್ರೆ α ಜಾಸ್ತಿ ಮಾಡೋದು ಒಳ್ಳೇದಾ, n ಜಾಸ್ತಿ ಮಾಡೋದಾ?

ಪುಸ್ತಕ ಸರಿ ಇದೆ. ನಿಮ್ಮ 0.95 ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ಅದೇ 0.95 ನನ್ನ ಪ್ರಾಕ್ಟಿಕಲ್ ಅಂಕಗಳನ್ನು ತಿಂದು ಹಾಕಿತ್ತು.

ಬಾಗಲಕೋಟೆಯಲ್ಲಿ ಬಿಎಸ್ಸಿ ಓದುತ್ತಿದ್ದೆ. ಆ ಪುಸ್ತಕದ ಪ್ರತಿ ಲೈಬ್ರರಿಯಲ್ಲಿ ಒಂದೇ ಇತ್ತು. ಗೆಳೆಯ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕಿದ. ಪುಟ ಹಿಡಿದಿದ್ದ ಅವನ ಹೆಬ್ಬೆರಳು ಲೆಕ್ಕದ ಕೊನೆಯ ಸಾಲಿನ ಮೇಲೆ ಕೂತಿತ್ತು. "ಟೈಪ್ ಟು ಎರರ್ ಕಂಡುಹಿಡಿಯಿರಿ" ಅನ್ನುವವರೆಗೆ ಕಾಣುತ್ತಿತ್ತು, ಮುಂದಿನದು ಬೆರಳಿನ ಕೆಳಗೆ. ನಿಜವಾದ ಸರಾಸರಿ ಎಷ್ಟು ಅಂತ ಕೊಟ್ಟಿದ್ದ ಸಾಲು ಅದೇ. ನಮ್ಮ ಗುಂಪಿನಲ್ಲಿ ಒಬ್ಬರಿಗೂ ಏನೋ ಕಡಿಮೆ ಇದೆ ಅನ್ನಿಸಲಿಲ್ಲ! ಟೈಪ್ ಒನ್ 0.05 ಆದರೆ ಉಳಿದ 0.95 ಟೈಪ್ ಟು ಇರಬೇಕು ಅಂತ ನಾನು ಬರೆದೆ, ಎಲ್ಲರೂ ಇಳಿಸಿಕೊಂಡರು. ರೆಕಾರ್ಡ್ ಬುಕ್ಕಿನಲ್ಲೂ ಅದೇ ಹೋಯಿತು.

ವೈವಾಕ್ಕೆ ಹೊರಗಿನಿಂದ ಬಂದ ಸರ್ ಆ ಪುಟ ತೆಗೆದರು. ಮಾತು ಹೀಗೆ ನಡೆಯಿತು (ಅಂಕಿಗಳನ್ನು ಮಾತ್ರ ನಿಮ್ಮ ಲೆಕ್ಕಕ್ಕೆ ಹೊಂದಿಸಿಕೊಂಡಿದ್ದೇನೆ).

"ಖರೇ ಸರಾಸರಿ 49.6 ಇದ್ರ β ಎಷ್ಟಪಾ?"

"0.95 ಸರ್."

"49.2 ಇದ್ರ?"

"0.95 ಸರ್."

"40 ಇದ್ರ? ಚೀಲಕ್ಕ ಹತ್ತು ಕೆಜಿ ಕಡಿಮಿ ಬಿದ್ರೂ ನಿನ್ನ ಟೆಸ್ಟಿಗೆ ಗೊತ್ತಾಗೂದಿಲ್ಲೇನು?"

ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ, ಸುಮ್ನೆ ಪುಟ ತಿರುವಿದರು. ಆ ಅಂಕಗಳು ಹೋಗಿದ್ದರಿಂದಲೇ ನನ್ನ ಡಿಸ್ಟಿಂಕ್ಷನ್ ತಪ್ಪಿತು.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. ನಿಮ್ಮ ಫೋಟೋದಲ್ಲಿ 49.6 ಸ್ಪಷ್ಟವಾಗಿ ಕಾಣಿಸುತ್ತಿದೆ, ನೀವೂ ಅದನ್ನು ಬರೆದುಕೊಂಡಿದ್ದೀರಿ. ಆದರೆ ಲೆಕ್ಕದಲ್ಲಿ ಬಳಸಿಲ್ಲ. ಬಳಸಿದ್ದರೆ 0.95 ಬರುವುದು ಸಾಧ್ಯವೇ ಇರಲಿಲ್ಲ.

ಮೊದಲು ಟೆಸ್ಟಿನ ನಿಯಮವನ್ನು ಕಿಲೋ ಲೆಕ್ಕದಲ್ಲಿ ಬರೆಯಿರಿ. z ಅನ್ನು ಸ್ವಲ್ಪ ಹೊತ್ತು ಮರೆತುಬಿಡಿ. 16 ಚೀಲಗಳ ಸರಾಸರಿ ಎಷ್ಟು ಅತ್ತಿತ್ತ ಓಡಾಡುತ್ತದೆ? 0.8 ಅನ್ನು √16 ಅಂದರೆ 4ರಿಂದ ಭಾಗಿಸಿದರೆ 0.2 ಕೆಜಿ. ಎಡಬದಿಯಲ್ಲಿ 5% ಬಿಡಬೇಕು, ಅದಕ್ಕೆ 1.645. ಹಾಗಾಗಿ ಗಡಿ

50 − 1.645 × 0.2 = 49.671 ಕೆಜಿ.

ಸರಾಸರಿ ಇದಕ್ಕಿಂತ ಕೆಳಗೆ ಬಂದರೆ "ಚೀಲ ಕಡಿಮೆ ತುಂಬುತ್ತಿದೆ" ಅನ್ನುತ್ತೇವೆ. ಇಲ್ಲದಿದ್ದರೆ ಸುಮ್ಮನಿರುತ್ತೇವೆ. ಇಷ್ಟೇ ನಿಯಮ. ಈ ಗಡಿ ಹಾಕುವಾಗ ಮಾತ್ರ 50 ಬೇಕಾಗುತ್ತದೆ. ಗಡಿ ಹಾಕಿದ ಮೇಲೆ 50ರ ಕೆಲಸ ಮುಗಿಯಿತು. ನಾನು ಎಡವಿದ್ದು ಇಲ್ಲೇ, ನೀವು ಎಡವಿದ್ದೂ ಇಲ್ಲೇ ಅಂತ ಕಾಣುತ್ತೆ.

ಟೈಪ್ ಟು ಎರರ್ ಅಂದರೆ ಏನು? ಚೀಲ ನಿಜವಾಗಿಯೂ ಕಡಿಮೆ ತುಂಬುತ್ತಿದೆ, ಆದರೂ ನಾವು ಸುಮ್ಮನಿದ್ದೇವೆ. ಅಂದರೆ μ 49.6 ಇದೆ, ಆದರೂ ಸರಾಸರಿ 49.671 ಅಥವಾ ಅದಕ್ಕಿಂತ ಮೇಲೆ ಬಂದಿದೆ. ಹಾಗಾಗಿ ದೂರವನ್ನು ಅಳೆಯಬೇಕಾದ್ದು 49.6ರಿಂದ:

(49.671 − 49.6) / 0.2 = 0.355

ನಾರ್ಮಲ್ ಟೇಬಲ್‌ನಲ್ಲಿ 0.355ರ ಎಡಕ್ಕೆ ಸುಮಾರು 0.64, ಬಲಕ್ಕೆ 0.36. ಎಡಕ್ಕಿರುವುದು ಪವರ್, ಬಲಕ್ಕಿರುವುದು β. ಪುಸ್ತಕದ ಉತ್ತರ ಬಂತು.

ನೀವು ಏನು ಮಾಡಿರಬಹುದು ನೋಡಿ. ಅದೇ 49.671 ಅನ್ನು ತಗೊಂಡು ಮತ್ತೆ 50ರಿಂದ ಅಳೆದಿರಿ. (49.671 − 50) / 0.2 ಅಂದರೆ −1.645. ಅದರ ಬಲಕ್ಕೆ 0.95. ಹೊರಟ ಜಾಗಕ್ಕೇ ವಾಪಸ್ ಬಂದ ಹಾಗೆ. ಈ 0.95 ಸುಳ್ಳು ಸಂಖ್ಯೆ ಅಲ್ಲ. ಚೀಲ ಸರಿಯಾಗಿ 50 ಇದ್ದಾಗ ನಾವು ಸರಿಯಾಗಿ ಸುಮ್ಮನಿರುವ ಸಂಭವ ಅದು. ಕೇಳಿದ ಪ್ರಶ್ನೆ ಮಾತ್ರ ಅದಲ್ಲ.

α ಮತ್ತು β ಕೂಡಿಸಿದರೆ 1 ಆಗಬೇಕು ಅನ್ನುವ ಭ್ರಮೆ ಹುಟ್ಟುವುದು ಇದರಿಂದಲೇ. ಕೂಡಿಸಿದರೆ 1 ಆಗುವುದು β ಮತ್ತು ಪವರ್, ಯಾಕಂದ್ರೆ ಎರಡೂ μ = 49.6 ಅನ್ನುವ ಒಂದೇ ಲೋಕಕ್ಕೆ ಸೇರಿದವು. α ಇರುವುದು μ = 50 ಅನ್ನುವ ಬೇರೆ ಲೋಕದಲ್ಲಿ. ಬೇರೆ ಬೇರೆ ಲೋಕದ ಸಂಭವಗಳನ್ನು ಕೂಡಿಸಿ 1 ಮಾಡಲು ಹೊರಟರೆ ನನ್ನ ಗತಿಯೇ ಆಗುತ್ತೆ.

ಕಂಪ್ಯೂಟರ್ ಇದ್ದರೆ R ನಲ್ಲಿ ಈ ಎರಡು ಸಾಲು ಹಾಕಿ ನೋಡಿ. ಬದಲಾಗುವುದು ನಡುವಿನ ಸಂಖ್ಯೆ ಮಾತ್ರ.

```
pnorm(49.671, 50, 0.2)     # 0.05, ಇದು α
pnorm(49.671, 49.6, 0.2)   # 0.64, ಇದು ಪವರ್
```

ವೈವಾದ ಸರ್ ನನ್ನ ಮೇಲೆ ಪ್ರಯೋಗಿಸಿದ ಪರೀಕ್ಷೆಯನ್ನು ಈಗ ಪ್ರತಿ ಲೆಕ್ಕಕ್ಕೂ ಬಳಸುತ್ತೇನೆ. μ ಬದಲಿಸಿ ನೋಡಿ. 49.4 ಹಾಕಿದರೆ ಪವರ್ 0.91 ಆಗುತ್ತದೆ, β 0.09ಕ್ಕೆ ಇಳಿಯುತ್ತದೆ. 49.2ಕ್ಕೆ ಪವರ್ 0.99. ಕೊರತೆ ದೊಡ್ಡದಾದಷ್ಟೂ ಸಿಕ್ಕಿಬೀಳುವುದು ಸುಲಭ, ಅಲ್ವಾ? μ ಬದಲಿಸಿದರೂ ನಿಮ್ಮ β ಕದಲದಿದ್ದರೆ ಲೆಕ್ಕದೊಳಗೆ μ ಹೋಗೇ ಇಲ್ಲ. ಹಾಗೇ, μ ಕೊಡದೆ β ಕೇಳುವ ಲೆಕ್ಕ ಇರಲು ಸಾಧ್ಯವಿಲ್ಲ. ಫೋಟೋದಲ್ಲಿ ಅದು ಕಾಣದಿದ್ದರೆ ಲೆಕ್ಕ ಶುರು ಮಾಡಬೇಡಿ, ಇನ್ನೊಂದು ಫೋಟೋ ಕೇಳಿ.

ಇನ್ನು ಫಾರ್ಮುಲಾ. ನಾನು ಕೊಡುವುದಿಲ್ಲ. ಫಾರ್ಮುಲಾ ಇದೆ, ಎಡಬದಿಯ ಟೆಸ್ಟಿಗೆ ಒಂದು, ಬಲಬದಿಗೆ ಒಂದು, ಎರಡೂ ಬದಿಗೆ ಮತ್ತೊಂದು. ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಅಂತ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದವರು ಬೆಳಿಗ್ಗೆ ಅದಲುಬದಲು ಮಾಡುತ್ತಾರೆ. ಗಡಿಯನ್ನು ಕಿಲೋದಲ್ಲಿ ಬರೆದುಕೊಂಡವರಿಗೆ ಆ ತೊಂದರೆ ಇಲ್ಲ. ಒಂದು ಗೆರೆ ಎಳೆದು ಅದರ ಮೇಲೆ 49.6, 49.671, 50 ಗುರುತು ಹಾಕಿ. 49.6 ಗಡಿಯ ಎಡಕ್ಕಿದೆ, ಅಂದರೆ ರಿಜೆಕ್ಟ್ ಮಾಡುವ ಜಾಗದೊಳಗೇ ಇದೆ. ಹಾಗಾದರೆ ಪವರ್ ಅರ್ಧಕ್ಕಿಂತ ಜಾಸ್ತಿ ಇರಲೇಬೇಕು, β ಅರ್ಧಕ್ಕಿಂತ ಕಡಿಮೆ. μ ಸರಿಯಾಗಿ ಗಡಿಯ ಮೇಲೇ ಇದ್ದಿದ್ದರೆ ಪವರ್ ಸರಿಯಾಗಿ 0.5. ಟೇಬಲ್ ತೆಗೆಯುವ ಮುಂಚೆಯೇ ಇಷ್ಟು ಗೊತ್ತಾಗುತ್ತೆ. 0.36 ಪವರ್, 0.64 β ಅಂತ ತಿರುಗಾಮುರುಗಾ ಬರೆಯುವ ತಪ್ಪೂ ಇಲ್ಲೇ ಸಿಕ್ಕಿಬೀಳುತ್ತೆ.

ಮಸುಕು ಫೋಟೋದಲ್ಲಿ < ಚಿಹ್ನೆ > ಥರ ಕಂಡರೂ ಹೀಗೇ ಗೊತ್ತಾಗುತ್ತದೆ. ಬಲಬದಿ ಅಂತ ತಿಳಿದು ಗಡಿಯನ್ನು 50.329ಕ್ಕೆ ಹಾಕಿದರೆ 49.6ರಲ್ಲಿ ಪವರ್ ಹೆಚ್ಚುಕಡಿಮೆ ಸೊನ್ನೆ. ಒನ್ ಟೇಲ್ಡ್ ಲೆಕ್ಕದಲ್ಲಿ ಪವರ್ α ಗಿಂತ ಕಡಿಮೆ ಬಂದರೆ ತಪ್ಪು ಬದಿಯಲ್ಲಿ ನಿಂತಿದ್ದೀರಿ.

ನಿಮ್ಮ ಪ್ರಶ್ನೆಯಲ್ಲಿರುವ 49.72 ಎಲ್ಲೂ ಬರಲಿಲ್ಲ, ಗಮನಿಸಿದ್ರಾ? ಅದು ಬೇಕಾಗುವುದು ಲೆಕ್ಕದ ಮೊದಲ ಭಾಗಕ್ಕೆ ಮಾತ್ರ. 49.72 ಗಡಿಗಿಂತ ಮೇಲಿದೆ, ಹಾಗಾಗಿ H0 ರಿಜೆಕ್ಟ್ ಆಗುವುದಿಲ್ಲ. β ಮತ್ತು ಪವರ್ ಟೆಸ್ಟಿನ ಗುಣ. ಒಂದು ಚೀಲ ತೂಗುವ ಮುಂಚೆಯೂ ಅವುಗಳನ್ನು ಹೇಳಬಹುದು. ಕೆಲವರು 49.6ರ ಜಾಗಕ್ಕೆ 49.72 ಹಾಕಿ ಪವರ್ 0.40 ಅಂತ ಬರೆಯುತ್ತಾರೆ. ಅದು ಬರೀ ಸ್ಯಾಂಪಲ್ ಫಲಿತಾಂಶವನ್ನೇ ಇನ್ನೊಂದು ವೇಷದಲ್ಲಿ ಹೇಳಿದಂತೆ. 49.6 ಬರಬೇಕಾದ್ದು ಬೇರೆ ಕಡೆಯಿಂದ: ಚೀಲಕ್ಕೆ 400 ಗ್ರಾಂ ಕಡಿಮೆ ಬಿದ್ದರೆ ಅದು ಕಣ್ಣು ತಪ್ಪಬಾರದು ಅಂತ ಯಾರೋ ತೀರ್ಮಾನ ಮಾಡಿರುತ್ತಾರೆ.

ಹಾಗೆ ನೋಡಿದರೆ 0.36 ಕಡಿಮೆ ಏನಲ್ಲ. ಮೂರು ಸಲದಲ್ಲಿ ಒಂದಕ್ಕಿಂತ ಹೆಚ್ಚು ಸಲ 400 ಗ್ರಾಂ ಕೊರತೆ ಈ ಟೆಸ್ಟಿಗೆ ಕಾಣದೆ ಹೋಗುತ್ತದೆ. ನಾನು ಈಗ ಮುಧೋಳ ಕಡೆ ಒಂದು ಸಕ್ಕರೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ಒಂದೊಂದು ಚೀಲ 0.8 ಕೆಜಿ ಅತ್ತಿತ್ತ ಓಡಾಡುವ ಮಷೀನ್ ಇದ್ದರೆ ನಾನು ಟೆಸ್ಟ್ ಬಿಟ್ಟು ಮೊದಲು ಫಿಟ್ಟರ್‌ನ ಕರೆಯುತ್ತೇನೆ. ಪುಸ್ತಕದವರಿಗೆ 4ರಿಂದ ಸಲೀಸಾಗಿ ಭಾಗ ಹೋಗಬೇಕಿತ್ತು, ಅಷ್ಟೇ.

α ಜಾಸ್ತಿ ಮಾಡೋದಾ, n ಜಾಸ್ತಿ ಮಾಡೋದಾ ಅನ್ನುವುದನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. α 0.10 ಮಾಡಿದರೆ ಗಡಿ 49.744ಕ್ಕೆ ಏರುತ್ತದೆ, ಪವರ್ 0.76 ಮಾತ್ರ. ಅದಕ್ಕೆ ಬೆಲೆಯಾಗಿ ಸರಿ ಇರುವ ಮಷೀನನ್ನು ಎರಡು ಪಟ್ಟು ಸಲ ನಿಲ್ಲಿಸುತ್ತೀರಿ. n ಹೆಚ್ಚಿಸಿದರೆ ಬೆಲೆ ಇನ್ನಷ್ಟು ಚೀಲ ತೂಗುವುದು, ಅಷ್ಟೇ. 0.90 ಪವರ್ ಬೇಕಂದರೆ ಗಡಿ 50ರಿಂದ 1.645 ಪಾಲು ಕೆಳಗೂ, 49.6ರಿಂದ 1.282 ಪಾಲು ಮೇಲೂ ಇರಬೇಕು. ಇಲ್ಲಿ ಒಂದು ಪಾಲು ಅಂದರೆ 0.8/√n. ಎರಡೂ ಕೂಡಿ 0.4 ಕೆಜಿಯೊಳಗೆ ಹಿಡಿಸಬೇಕು:

√n = (1.645 + 1.282) × 0.8 / 0.4 = 5.854

ವರ್ಗ ಮಾಡಿದರೆ 34.27. ಮೇಲಕ್ಕೆ ಏರಿಸಿ 35 ಬರೆಯಿರಿ. 34 ಅಂತ ಬರೆದರೆ ಪವರ್ 0.898ಕ್ಕೆ ನಿಲ್ಲುತ್ತೆ, ಅಂಕ ಕತ್ತರಿಸುತ್ತಾರೆ.

ನಿಮ್ಮ ಫೋಟೋದ ತಳದಲ್ಲಿ 8ನೇ ಲೆಕ್ಕ ಅರ್ಧ ಕಾಣುತ್ತಿದೆ, ಅದರಲ್ಲಿ σ ಬದಲು s ಕೊಟ್ಟಿದ್ದಾರೆ. ಅಲ್ಲಿ ಈ ದಾರಿ ಹಾಗೇ ನಡೆಯುವುದಿಲ್ಲ. s ಪ್ರತಿ ಸ್ಯಾಂಪಲ್‌ಗೂ ಬದಲಾಗುವುದರಿಂದ ಕಿಲೋದಲ್ಲಿ ಒಂದು ಸ್ಥಿರ ಗಡಿ ಸಿಗುವುದಿಲ್ಲ, ಪವರ್‌ಗೆ ನಾನ್‌ಸೆಂಟ್ರಲ್ t ಬೇಕು. ಮಾಮೂಲಿ t ಟೇಬಲ್‌ನಲ್ಲಿ ಹುಡುಕಬೇಡಿ, ಸಿಗಲ್ಲ. R ನಲ್ಲಿ ಇದನ್ನು ಹಾಕಿ:

```
power.t.test(n=16, delta=0.4, sd=0.8, sig.level=0.05,
             type="one.sample", alternative="one.sided")
```

ನಿಮ್ಮ 7ನೇ ಲೆಕ್ಕದ ಅಂಕಿಗಳನ್ನೇ ಹೀಗೆ ಹಾಕಿದರೆ ಪವರ್ ಸುಮಾರು 0.60 ಬರುತ್ತದೆ, 0.64 ಅಲ್ಲ. σ ಗೊತ್ತಿಲ್ಲದ್ದಕ್ಕೆ ತೆತ್ತ ದಂಡ ಅದು.