ಸ್ಟಾರ್ಟಪ್‌ಗೂ ಸರ್ವಿಸ್ ಕಂಪನಿಗೂ ಬಂದ ಒಂದೇ ರೆಸ್ಯೂಮ್

ಪ್ರಶ್ನೆ: ಬೆಂಗಳೂರಿನ ಕನ್ಸಲ್ಟೆನ್ಸಿಯೊಂದರಲ್ಲಿ ರಿಕ್ರೂಟರ್ ಆಗಿ ಸೇರಿ ಎರಡು ತಿಂಗಳಾಯ್ತು. ನನ್ನ ಹತ್ತಿರ ಎರಡು ಜಾವಾ ಓಪನಿಂಗ್ ಇವೆ. ಒಂದು ಹನ್ನೆರಡು ಜನರ ಸ್ಟಾರ್ಟಪ್, ಇನ್ನೊಂದು ದೊಡ್ಡ ಸರ್ವಿಸ್ ಕಂಪನಿ. ಎರಡಕ್ಕೂ ಅದೇ ರೆಸ್ಯೂಮ್‌ಗಳನ್ನು ಕಳಿಸ್ತಿದ್ದೀನಿ, ಎರಡೂ ಕಡೆ ವಾಪಸ್ ಬರ್ತಿವೆ. ಓದುವಾಗ ಏನು ಬೇರೆ ನೋಡಬೇಕು?

ಸರ್ವಿಸ್ ಕಂಪನಿಗೆ ಓದುವಾಗ ಮೊದಲು ತಾರೀಖುಗಳನ್ನು ಓದಿ. ಸ್ಟಾರ್ಟಪ್‌ಗೆ ಓದುವಾಗ ಮೊದಲು ಕ್ರಿಯಾಪದಗಳನ್ನು ಓದಿ. ನಾನು ಈ ಕ್ರಮವನ್ನು ಯಾವತ್ತೂ ತಪ್ಪಿಸುವುದಿಲ್ಲ. ಎರಡೂ ಕಡೆ ರೆಸ್ಯೂಮ್ ಯಾರ ಕೈಗೆ ಹೋಗುತ್ತದೆ ಎಂದು ತಿಳಿದರೆ ಕಾರಣ ಅರ್ಥವಾಗುತ್ತದೆ.

ಸರ್ವಿಸ್ ಕಂಪನಿ ಒಬ್ಬರನ್ನು ತೆಗೆದುಕೊಳ್ಳುವುದು ಕ್ಲೈಂಟ್‌ಗೆ ಬಿಲ್ ಮಾಡುವುದಕ್ಕೆ. ನೀವು ಕಳಿಸಿದ ಕಾಗದ ಅಲ್ಲಿನ ರಿಕ್ರೂಟರ್ ದಾಟಿ ಟೆಕ್ನಿಕಲ್ ಪ್ಯಾನೆಲ್‌ಗೆ, ಹಲವು ಸಲ ಕ್ಲೈಂಟ್‌ಗೆ, ಕೊನೆಗೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವವರಿಗೆ ಹೋಗುತ್ತದೆ. ಕೊನೆಯವರು ಅಭ್ಯರ್ಥಿಯನ್ನು ನೋಡುವುದೇ ಇಲ್ಲ, ಕಾಗದದ ಮೇಲಿನ ತಿಂಗಳುಗಳನ್ನು ದಾಖಲೆಯ ಜೊತೆ ಇಟ್ಟು ನೋಡುತ್ತಾರೆ. ಸ್ಟಾರ್ಟಪ್‌ನಲ್ಲಿ ಓದುವವರು ಸಾಮಾನ್ಯವಾಗಿ ಫೌಂಡರ್ ಇಲ್ಲವೇ ಟೆಕ್ ಲೀಡ್, ಅಂದರೆ ನಾಳೆ ಅಭ್ಯರ್ಥಿಯ ಪಕ್ಕದಲ್ಲೇ ಕೂತು ಕೆಲಸ ಮಾಡುವವರು. ಅವರು ಹುಡುಕುವುದು ಒಂದೇ ಉತ್ತರ: ಹೇಳಿಕೊಡುವವರಿಲ್ಲದಿದ್ದರೆ ಇವರು ಒಂದು ಕೆಲಸವನ್ನು ತುದಿ ಮುಟ್ಟಿಸುತ್ತಾರಾ?

ಒಂದು ಮಾದರಿ ರೆಸ್ಯೂಮ್ ಇಟ್ಟುಕೊಂಡು ಎರಡು ಸಲ ಓದೋಣ. 2024ರ ಮೇ ಕೊನೆ ಎಂದುಕೊಳ್ಳಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಜಾವಾ ಡೆವಲಪರ್, 4.5 ವರ್ಷ' ಎಂದಿದೆ. 2019ರ ಆಗಸ್ಟ್‌ನಿಂದ 2022ರ ಸೆಪ್ಟೆಂಬರ್ ತನಕ ದೊಡ್ಡ ಸರ್ವಿಸ್ ಕಂಪನಿ. ಆಮೇಲೆ ನಾಲ್ಕು ತಿಂಗಳು ಖಾಲಿ. 2023ರ ಫೆಬ್ರವರಿಯಿಂದ ಇಲ್ಲಿಯವರೆಗೆ ಒಂಬತ್ತು ಜನರ ಚಿಕ್ಕ ಕಂಪನಿ.

ಸರ್ವಿಸ್ ಕಂಪನಿಯ ಪೋಸ್ಟಿಂಗ್‌ನಲ್ಲಿ 'ಒಟ್ಟು ಅನುಭವ 4ರಿಂದ 6 ವರ್ಷ, ಜಾವಾ ರೆಲೆವೆಂಟ್ ಕನಿಷ್ಠ 3 ವರ್ಷ' ಎಂದಿದೆ ಅಂತಿಟ್ಟುಕೊಳ್ಳಿ. ಈಗ ಪೆನ್ನು ಹಿಡಿದು ತಿಂಗಳು ಕೂಡಿಸಿ. ಮೊದಲ ಕಂಪನಿಯಲ್ಲಿ 38 ತಿಂಗಳು, ಎರಡನೆಯದರಲ್ಲಿ 16, ಒಟ್ಟು 54. ನಾಲ್ಕೂವರೆ ವರ್ಷ ಸರಿಯಾಗಿಯೇ ಇದೆ. ಆದರೆ ಪ್ರಾಜೆಕ್ಟ್‌ಗಳನ್ನು ಬಿಡಿಬಿಡಿಯಾಗಿ ಕೇಳಿದರೆ ಮೊದಲ 38 ತಿಂಗಳಲ್ಲಿ 4 ಟ್ರೇನಿಂಗ್, 5 ಯಾವ ಪ್ರಾಜೆಕ್ಟೂ ಇಲ್ಲದೆ ಬೆಂಚ್‌ನಲ್ಲಿ, 12 ಒಂದು ಇನ್ಶೂರೆನ್ಸ್ ಕ್ಲೈಂಟ್‌ಗೆ ಮ್ಯಾನ್ಯುಯಲ್ ಟೆಸ್ಟಿಂಗ್. ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಕೋಡ್ ಬರೆದದ್ದು ಬ್ಯಾಂಕ್ ಪ್ರಾಜೆಕ್ಟ್‌ನ 17 ತಿಂಗಳು ಮಾತ್ರ. ಅದಕ್ಕೆ ಈಗಿನ 16 ಸೇರಿಸಿದರೆ 33 ತಿಂಗಳು, ಅಂದರೆ ಎರಡು ವರ್ಷ ಒಂಬತ್ತು ತಿಂಗಳು. ಮೂರು ವರ್ಷಕ್ಕೆ ಮೂರು ತಿಂಗಳು ಕಡಿಮೆ.

ನಿಮ್ಮ ಸಲ್ಲಿಕೆಗಳು ವಾಪಸ್ ಬರುತ್ತಿರುವುದು ಬಹುಶಃ ಇಲ್ಲೇ. ನೀವು ಮೇಲಿನ ದಪ್ಪ ಅಕ್ಷರ ನೋಡಿ ಕಳಿಸುತ್ತೀರಿ, ಅವರು ಪ್ರಾಜೆಕ್ಟ್‌ಗಳನ್ನು ಕೂಡಿಸಿ ನೋಡುತ್ತಾರೆ. ಆ ಮೂರು ತಿಂಗಳನ್ನು ತುಂಬಲು ಟೆಸ್ಟಿಂಗ್ ಪ್ರಾಜೆಕ್ಟ್‌ಗೆ ಜಾವಾ ಬಣ್ಣ ಬಳಿಯಲು ಹೋಗಬೇಡಿ. ಅಭ್ಯರ್ಥಿಯೇ ಬಳಿದಿದ್ದರೂ ಕಳಿಸಬೇಡಿ. ಪ್ಯಾನೆಲ್‌ನಲ್ಲಿ ಆ ಪ್ರಾಜೆಕ್ಟ್ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಸಾಕು, ಬಣ್ಣ ಬಿಡುತ್ತದೆ. ಸಿಕ್ಕಿಬೀಳುವುದು ಆ ಹುಡುಗ ಅಥವಾ ಹುಡುಗಿಯ ಹೆಸರು, ಜೊತೆಗೆ ನಿಮ್ಮ ಕನ್ಸಲ್ಟೆನ್ಸಿಯದೂ. 'ರೆಲೆವೆಂಟ್ 2 ವರ್ಷ 9 ತಿಂಗಳು' ಎಂದು ಸ್ಪಷ್ಟವಾಗಿ ಬರೆದು, ಮೂರು ತಿಂಗಳ ವಿನಾಯಿತಿ ಇದೆಯೇ ಎಂದು ಕೇಳಿ. (ಎರಡು ವರ್ಷ ಒಂಬತ್ತು ತಿಂಗಳನ್ನು 2.9 ಎಂದು ಬರೆಯುವುದುಂಟು. ಅದನ್ನು ದಶಾಂಶವಾಗಿ ಓದುವವರೂ ಇದ್ದಾರೆ. ಅದಕ್ಕೇ ಯಾವಾಗಲೂ ವರ್ಷ, ತಿಂಗಳು ಬಿಡಿಸಿ ಬರೆಯುವುದು ಒಳ್ಳೆಯದು.)

ಮುಂದಿನದು ದಾಖಲೆ. ಒಂಬತ್ತು ಜನರ ಕಂಪನಿ ಎಂದು ಕಂಡ ಕೂಡಲೇ ನಿಮ್ಮ ತಲೆಯಲ್ಲಿ ಪಿಎಫ್ ಬರಬೇಕು. ಇಪಿಎಫ್ ಕಾನೂನು ಕಡ್ಡಾಯವಾಗುವುದು 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ. ತಾವಾಗಿಯೇ ಸೇರಿಕೊಳ್ಳದ ಚಿಕ್ಕ ಕಂಪನಿಯಲ್ಲಿ ಪಿಎಫ್ ಇರುವುದಿಲ್ಲ, ಹಾಗಾಗಿ ನೌಕರರ ಪಿಎಫ್ ಸಂಖ್ಯೆಯಾದ ಯುಎಎನ್‌ನ ಸರ್ವಿಸ್ ಹಿಸ್ಟರಿಯಲ್ಲಿ ಈ 16 ತಿಂಗಳು ಕಾಣಿಸುವುದೇ ಇಲ್ಲ. ವೆರಿಫಿಕೇಷನ್ ಮಾಡುವವರ ಕಣ್ಣಿಗೆ ಇದು ಸುಳ್ಳು ಅನುಭವದ ಹಾಗೆಯೇ ಕಾಣುತ್ತದೆ. ಕಳಿಸುವ ಮೊದಲೇ ಆಫರ್ ಲೆಟರ್, ಸ್ಯಾಲರಿ ಸ್ಲಿಪ್, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಟಿಡಿಎಸ್ ಕಡಿತವಾಗಿದ್ದರೆ ಫಾರ್ಮ್ 16 ಇವೆಯೇ ಎಂದು ಕೇಳಿ. ಇದ್ದರೆ ಯೋಚನೆಯಿಲ್ಲ. ಸಂಬಳ ಕೈಗೆ ನಗದಾಗಿ ಬರುತ್ತಿತ್ತು, ಕಾಗದ ಒಂದೂ ಇಲ್ಲ ಎಂದರೆ, ವ್ಯಕ್ತಿ ಎಷ್ಟೇ ಪ್ರಾಮಾಣಿಕರಾದರೂ ಆ 16 ತಿಂಗಳು ಅಲ್ಲಿ ಲೆಕ್ಕಕ್ಕೆ ಬರುವುದು ಕಷ್ಟ.

ಮೊದಲ ಕಂಪನಿಯ ಕಡೆಯೂ ಒಂದು ಸಣ್ಣ ತೊಡಕು ಇರಬಹುದು. ಕೆಲವೊಮ್ಮೆ ಹಳೆಯ ಕಂಪನಿ ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನವನ್ನು ದಾಖಲಿಸಿರುವುದಿಲ್ಲ, ಅಥವಾ ತಪ್ಪಾಗಿ ಹಾಕಿರುತ್ತದೆ. ಆಗ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದ ಹಾಗೆ ತೋರುತ್ತದೆ. ದಿನಾಂಕ ಖಾಲಿಯಿದ್ದರೆ, ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೌಕರರೇ ಪೋರ್ಟಲ್‌ನಲ್ಲಿ ಅದನ್ನು ತುಂಬಬಹುದು. ತಪ್ಪಾಗಿದ್ದರೆ ತಿದ್ದಿಸಿಕೊಳ್ಳಬೇಕು. ಆಫರ್ ಬಂದ ಮೇಲೆ ಓಡಾಡುವುದಕ್ಕಿಂತ ಇದನ್ನು ಈಗಲೇ ನೋಡಿಕೊಳ್ಳಲು ಹೇಳಿ.

ನಾಲ್ಕು ತಿಂಗಳ ಖಾಲಿ ಜಾಗಕ್ಕೆ ಸರ್ವಿಸ್ ಕಂಪನಿ ಒಂದು ವಿವರಣೆ ಕೇಳುತ್ತದೆ. ಎಷ್ಟು ತಿಂಗಳು ಮೀರಿದರೆ ದಾಖಲೆ ಬೇಕು ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸ್ಟಾರ್ಟಪ್‌ನವರು ಫೋನಿನಲ್ಲಿ ಒಂದು ಮಾತು ಕೇಳಿ ಮುಂದಕ್ಕೆ ಹೋಗುತ್ತಾರೆ.

ಈಗ ಅದೇ ರೆಸ್ಯೂಮ್ ಅನ್ನು ಸ್ಟಾರ್ಟಪ್‌ಗಾಗಿ ಓದೋಣ. ತಿಂಗಳ ಲೆಕ್ಕ ಪಕ್ಕಕ್ಕಿಡಿ. ಬ್ಯಾಂಕ್ ಪ್ರಾಜೆಕ್ಟ್ ಕೆಳಗೆ ಹತ್ತು ಸಾಲುಗಳಿವೆ, ಹೆಚ್ಚಿನವು 'ರೆಸ್ಪಾನ್ಸಿಬಲ್ ಫಾರ್', 'ಇನ್ವಾಲ್ವ್ಡ್ ಇನ್' ಎಂದು ಶುರುವಾಗುತ್ತವೆ. ಇವುಗಳಿಂದ ಆ ಜಾಗದಲ್ಲಿ ಇವರಿದ್ದರು ಎಂದು ಗೊತ್ತಾಗುತ್ತದೆಯೇ ಹೊರತು ಏನು ಮಾಡಿದರು ಎಂದು ಗೊತ್ತಾಗುವುದಿಲ್ಲ. ಚಿಕ್ಕ ಕಂಪನಿಯ ಕೆಳಗೆ ಮೂರೇ ಸಾಲು. ಅದರಲ್ಲಿ ಒಂದರ ಸಾರ ಹೀಗಿದೆ: ಪೇಮೆಂಟ್ ಗೇಟ್‌ವೇಯಿಂದ ಹಣ ಪಾವತಿಯಾಯಿತೆಂದು ತಿಳಿಸುವ ಒಂದೇ ವೆಬ್‌ಹುಕ್ ಸಂದೇಶ ಎರಡು ಸಲ ಬಂದಾಗ ಆರ್ಡರ್ ಎರಡು ಸಲ ದಾಖಲಾಗುತ್ತಿತ್ತು; ಒಂದೇ ಪೇಮೆಂಟ್ ಐಡಿ ಎರಡನೇ ಸಲ ಸೇರದಂತೆ ಡೇಟಾಬೇಸ್‌ನಲ್ಲಿ ಯುನೀಕ್ ಕನ್‌ಸ್ಟ್ರೇಂಟ್ ಹಾಕಿ ನಿಲ್ಲಿಸಿದೆ.

ಫೌಂಡರ್ ನಿಲ್ಲುವುದು ಈ ಸಾಲಿನ ಮೇಲೆ. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತ್ತು, ಏನು ಮಾಡಿದರು, ಮೂರೂ ಇದರಲ್ಲಿವೆ. ನಮ್ಮ ಸರ್ವರ್ ಸಮಯಕ್ಕೆ ಸರಿಯಾಗಿ ಉತ್ತರಿಸದಿದ್ದರೆ ಗೇಟ್‌ವೇ ಅದೇ ಸಂದೇಶವನ್ನು ಮತ್ತೆ ಕಳಿಸುತ್ತದೆ. ಇದು ನಿಜವಾದ ದುಡ್ಡು ಓಡಾಡುವ ಜಾಗದಲ್ಲಿ ಕೈ ಸುಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ನಿಮಗೆ ಜಾವಾ ಬರದಿದ್ದರೂ ಇಂಥ ಸಾಲನ್ನು ಗುರುತಿಸಬಹುದು: ಅದರಲ್ಲಿ ಒಂದು ತೊಂದರೆಯ ಹೆಸರಿರುತ್ತದೆ, ಮತ್ತು ಅದನ್ನು ಎತ್ತಿ ಬೇರೆಯವರ ರೆಸ್ಯೂಮ್‌ಗೆ ಅಂಟಿಸಲು ಆಗುವುದಿಲ್ಲ.

ಸ್ಕಿಲ್ ಪಟ್ಟಿಯನ್ನೂ ಇಲ್ಲಿ ಬೇರೆ ಥರ ಓದಬೇಕು. ಇದರಲ್ಲಿ 22 ಹೆಸರುಗಳಿವೆ, ಪ್ರಾಜೆಕ್ಟ್‌ಗಳಲ್ಲಿ ಕಾಣುವುದು 9. ಸರ್ವಿಸ್ ಕಂಪನಿಗೆ ಪಟ್ಟಿ ಬೇಕು, ಯಾಕೆಂದರೆ ಅಲ್ಲಿ ಸಾವಿರಾರು ರೆಸ್ಯೂಮ್‌ಗಳ ನಡುವೆ ಪದ ಹಾಕಿ ಹುಡುಕುತ್ತಾರೆ. ಜಾವಾ 8 ಅಥವಾ 17 ಎಂಬ ಆವೃತ್ತಿಯೂ ಇದ್ದರೆ ಅನುಕೂಲ. ಸ್ಟಾರ್ಟಪ್‌ಗೆ ಓದುವಾಗ ಉಳಿದ 13ರ ಪಕ್ಕ ಒಂದು ಗೀಟು ಹಾಕಿ. ಕಾಫ್ಕಾ ಪಟ್ಟಿಯಲ್ಲಿದೆ, ಯಾವ ಪ್ರಾಜೆಕ್ಟ್‌ನಲ್ಲೂ ಇಲ್ಲ. 'ಎಲ್ಲಿ ಬಳಸಿದ್ರಿ?' ಎಂದು ಕೇಳಿ. 'ಕೋರ್ಸ್‌ನಲ್ಲಿ ಮಾಡಿದ್ದೆ' ಎಂದರೆ ಅದರಲ್ಲಿ ತಪ್ಪೇನಿಲ್ಲ, ನಿಮ್ಮ ಟಿಪ್ಪಣಿಯಲ್ಲೂ ಹಾಗೆಯೇ ಬರೆಯಿರಿ.

ಇಲ್ಲಿ ಬಹಳ ಜನ ಮಾಡುವ ಒಂದು ತಪ್ಪು ನನಗೆ ನಿಜವಾಗಿ ಬೇಸರ ತರಿಸುತ್ತದೆ: ಸ್ಟಾರ್ಟಪ್ ಪೋಸ್ಟಿಂಗ್ ಎಂದ ಕೂಡಲೇ ಸರ್ವಿಸ್ ಕಂಪನಿಯವರನ್ನೆಲ್ಲ ಸಾರಾಸಗಟಾಗಿ ತೆಗೆದುಹಾಕುವುದು. ಆ ಸಪ್ಪೆ ಸಾಲುಗಳು ಅನೇಕ ಸಲ ಕಂಪನಿಯ ಸ್ವಂತ ರೆಸ್ಯೂಮ್ ನಮೂನೆಯಿಂದ ಬಂದಿರುತ್ತವೆ. ಕ್ಲೈಂಟ್ ಹೆಸರು, ಅಂಕಿಅಂಶ ಬರೆಯದಿರುವುದು ಗೋಪ್ಯತೆಯ ಒಪ್ಪಂದದಿಂದ ಇರಬಹುದು. ಹತ್ತು ನಿಮಿಷ ಫೋನ್ ಮಾಡಿ, ಒಂದು ಸಾಲು ಆರಿಸಿ ಕೇಳಿ: 'ಇದನ್ನು ನೀವು ಮಾಡುವ ಮುಂಚೆ ಹೇಗಿತ್ತು? ನಿಮ್ಮ ಕೈಯಿಂದ ಆದದ್ದು ಯಾವುದು? ಪ್ರೊಡಕ್ಷನ್‌ನಲ್ಲಿ ಕೆಟ್ಟರೆ ಫೋನ್ ಯಾರಿಗೆ ಬರ್ತಿತ್ತು?' ನಿಜಕ್ಕೂ ಮಾಡಿದವರು ಎರಡನೇ ಪ್ರಶ್ನೆಗೇ ವಿವರಕ್ಕೆ ಇಳಿಯುತ್ತಾರೆ, ಫೈಲ್‌ನ ಹೆಸರು, ರಾತ್ರಿ ಎಷ್ಟು ಗಂಟೆಗೆ ಜಾಬ್ ನಿಂತಿತು ಎನ್ನುವುದೆಲ್ಲ ಹೇಳುತ್ತಾರೆ. ಮಾಡದವರು 'ನಮ್ಮ ಟೀಮ್' ಎಂಬ ಮಾತನ್ನು ಬಿಟ್ಟು ಈಚೆ ಬರುವುದಿಲ್ಲ.

ಕಡಿಮೆ ಅವಧಿಯ ಕೆಲಸಗಳನ್ನೂ ಎರಡು ಕಡೆ ಬೇರೆಬೇರೆಯಾಗಿ ತೂಗುತ್ತಾರೆ. ಪ್ರಾಜೆಕ್ಟ್ ಮಧ್ಯೆ ಬಿಟ್ಟುಹೋದರೆ ಬದಲಿಯವರನ್ನು ತಯಾರು ಮಾಡುವ ತನಕ ಬಿಲ್ ಆಗುವುದಿಲ್ಲವಲ್ಲ, ಅದು ಸರ್ವಿಸ್ ಕಂಪನಿಯ ಆತಂಕ. ಸ್ಟಾರ್ಟಪ್‌ಗೆ 16 ತಿಂಗಳು ಕಡಿಮೆಯೇನಲ್ಲ. ಆದರೆ ಮೂರು ಕಡೆ ಏಳೆಂಟು ತಿಂಗಳಂತೆ ಇದ್ದು ಬಂದಿದ್ದರೆ, ಬರೆದ ಕೋಡ್ ಆಮೇಲೆ ಎಲ್ಲಿ ಕೈಕೊಟ್ಟಿತು ಎಂದು ನೋಡಲು ಇವರು ಉಳಿದೇ ಇಲ್ಲ ಎಂದು ಟೆಕ್ ಲೀಡ್ ಓದಿಕೊಳ್ಳುತ್ತಾರೆ.

ರೆಸ್ಯೂಮ್ ತಿದ್ದದೆ, ಅದರ ಮೇಲಿಡುವ ನಿಮ್ಮ ಟಿಪ್ಪಣಿಯನ್ನು ಮಾತ್ರ ಬದಲಿಸಿ. ಸರ್ವಿಸ್ ಕಂಪನಿಗೆ: 'ಒಟ್ಟು 4 ವರ್ಷ 6 ತಿಂಗಳು, ಜಾವಾ 2 ವರ್ಷ 9 ತಿಂಗಳು. ಈಗಿನ ಕಂಪನಿಯಲ್ಲಿ ಪಿಎಫ್ ಇಲ್ಲ; ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಇವೆ. ನಾಲ್ಕು ತಿಂಗಳ ಬಿಡುವಿಗೆ ಕಾರಣ ಇಂಥದು. ನೋಟಿಸ್ 30 ದಿನ.' ಸ್ಟಾರ್ಟಪ್‌ಗೆ: 'ಒಂಬತ್ತು ಜನರ ತಂಡದಲ್ಲಿ ಪೇಮೆಂಟ್ ಭಾಗ ಇವರೊಬ್ಬರೇ ನೋಡಿಕೊಂಡಿದ್ದಾರೆ. ವೆಬ್‌ಹುಕ್ ಸಮಸ್ಯೆ ಬಗ್ಗೆ ಕೇಳಿ, ಫೋನಿನಲ್ಲಿ ಚೆನ್ನಾಗಿ ವಿವರಿಸಿದರು. ಕಾಫ್ಕಾ ಕೆಲಸದಲ್ಲಿ ಬಳಸಿಲ್ಲ.'

ಎರಡೂ ಕಡೆ ಕಳಿಸುವ ಮೊದಲು ಅಭ್ಯರ್ಥಿಯನ್ನು ಕೇಳಿ ಒಪ್ಪಿಗೆ ಪಡೆಯಿರಿ, ಮೇಲ್‌ನಲ್ಲೇ ಪಡೆಯಿರಿ. ದೊಡ್ಡ ಕಂಪನಿಗಳ ವೆಂಡರ್ ಪೋರ್ಟಲ್‌ನಲ್ಲಿ ಒಮ್ಮೆ ಅಪ್‌ಲೋಡ್ ಆದ ಹೆಸರು ಸಾಮಾನ್ಯವಾಗಿ ಕೆಲವು ತಿಂಗಳು ಆ ಕನ್ಸಲ್ಟೆನ್ಸಿಗೇ ಕಟ್ಟಿಬೀಳುತ್ತದೆ. ಅಷ್ಟರಲ್ಲಿ ಅವರ ಸ್ನೇಹಿತರು ಅಲ್ಲಿಂದ ರೆಫರಲ್ ಕೊಡಲು ಹೋದರೆ 'ಡುಪ್ಲಿಕೇಟ್' ಎಂದು ತಿರಸ್ಕಾರವಾಗುತ್ತದೆ, ಯಾಕೆ ಎಂದು ಅವರಿಗೆ ಗೊತ್ತೂ ಆಗುವುದಿಲ್ಲ.